ಇರೇಸರ್‌ನಿಂದ ಅಳಿಸಿದ ಭುಜ ವಾಪಸ್ ಬರುತ್ತಾ? (GIMP)

ನೆರಳುಬೆಳಕು: ಟ್ರೈಪಾಡ್ ಮೇಲಿಟ್ಟು ತೆಗೆದ ಎರಡು ಫೋಟೋ. ಮೇಲಿನ ಲೇಯರ್‌ನಲ್ಲಿ ಅಕ್ಕನ ಹಿಂದೆ ಯಾರೋ ದಾಟಿ ಹೋಗ್ತಿದಾರೆ, ಕೆಳಗಿನದರಲ್ಲಿ ಆ ಜಾಗ ಖಾಲಿ. ಮೆತ್ತನೆ ಅಂಚಿನ ಇರೇಸರ್‌ನಿಂದ ಆ ವ್ಯಕ್ತಿಯನ್ನು ಅಳಿಸಿದೆ. ಬೆಳಿಗ್ಗೆ ನೋಡಿದರೆ ಅಕ್ಕನ ಭುಜವೂ ಅರ್ಧ ಹೋಗಿದೆ. XCF ಸೇವ್ ಮಾಡಿ ಮುಚ್ಚಿಬಿಟ್ಟಿದ್ದೆ, Ctrl+Z ಇಲ್ಲ.

ಚಿತ್ರಪ್ರಿಯ: ಮುಚ್ಚಿದ ಮೇಲೆ ಮುಗಿಯಿತು. ಮೂಲ ಫೋಟೋ ತೆರೆದು ಮೊದಲಿಂದ ಮಾಡಿ. ಇನ್ನು ಮುಂದೆ ಲೇಯರ್‌ನ ನಕಲು ಇಟ್ಟುಕೊಂಡು ಅಳಿಸಿ.

ಹಳೇಕ್ಯಾಮೆರಾ: ಅಂಡೂ ಹೋಯಿತು ಅನ್ನೋದು ನಿಜ, ಆದರೆ ಭುಜ ಹೋಗಿಲ್ಲ. ಆಲ್ಫಾ ಇರುವ ಲೇಯರ್‌ನಲ್ಲಿ GIMP ಇರೇಸರ್ ಪಾರದರ್ಶಕತೆಯನ್ನಷ್ಟೇ ಬದಲಿಸುತ್ತೆ, ಅಡಿಯ ಬಣ್ಣ ಹಾಗೇ ಉಳಿದಿರುತ್ತೆ. ಮೇಲಿನ ಲೇಯರ್ ಆರಿಸಿ Layer > Mask > Add Layer Mask ಗೆ ಹೋಗಿ, Transfer layer's alpha channel ಆಯ್ದುಕೊಳ್ಳಿ. ನೀವು ಅಳಿಸಿದ್ದೆಲ್ಲ ಮಾಸ್ಕ್ ಆಗುತ್ತೆ, ಲೇಯರ್ ಮತ್ತೆ ಪೂರ್ತಿ ತುಂಬಿಕೊಳ್ಳುತ್ತೆ. ಆಮೇಲೆ ಮಾಸ್ಕ್ ಮೇಲೆ ಭುಜದ ಜಾಗಕ್ಕೆ ಬಿಳಿ ಬಳಿಯಿರಿ. ಹೆಚ್ಚಾಯಿತೆನಿಸಿದರೆ ಕಪ್ಪು. ಅಂಚನ್ನು ನಾಳೆ ತಿದ್ದಿದರೂ ನಡೆಯುತ್ತೆ, ನಾನು ಮಾಸ್ಕ್ ಬಿಟ್ಟು ಅಳಿಸದೇ ಇರೋದು ಅದಕ್ಕೇ. ನಕಲು ಇಟ್ಟುಕೊಂಡರೆ ಫೋಟೋ ಉಳಿಯುತ್ತೆ, ಆದರೆ ಅಂಚಿಗೆ ಪಟ್ಟ ಶ್ರಮ ಉಳಿಯಲ್ಲ.

ಕಪ್ಪುಬಿಳುಪು: ನನಗೂ ಇದೇ ತೊಂದರೆ. ಆದರೆ ನಾನು ಅಳಿಸಿದಲ್ಲಿ ಕೆಳಗಿನ ಲೇಯರ್ ಕಾಣಲ್ಲ, ಬರೀ ಬಿಳಿ. ಇರೇಸರ್ ಕೆಟ್ಟಿದೆಯಾ?

ಹಳೇಕ್ಯಾಮೆರಾ: ಇದು ಬೇರೆ ಕೇಸು. ನಿಮ್ಮ ಲೇಯರ್‌ಗೆ ಆಲ್ಫಾ ಇಲ್ಲ, ಹಾಗಾಗಿ ಇರೇಸರ್ ಹಿನ್ನೆಲೆ ಬಣ್ಣವನ್ನೇ ಬಳಿದಿದೆ. ಅಲ್ಲಿ ಮೂಲ ಬಣ್ಣ ನಿಜಕ್ಕೂ ಹೋಗಿದೆ, ಮೂಲ ಫೈಲೇ ಗತಿ. ಮುಂದೆ ಮಾಸ್ಕ್ ಹಾಕಿ, ಇಲ್ಲವೆಂದರೆ Add Alpha Channel ಮಾಡಿಕೊಂಡೇ ಅಳಿಸಿ.

ನೆರಳುಬೆಳಕು: ಭುಜ ಬಂತು! ತುಂಬಾ ಥ್ಯಾಂಕ್ಸ್ ಸರ್. ಆದರೆ ಬಿಳಿ ಬಳಿದಾಗ ಒಂದು ಸಲ ಫೋಟೋ ಮೇಲೇ ಬಿಳಿ ಪಟ್ಟೆ ಬಿತ್ತು.

ಹಳೇಕ್ಯಾಮೆರಾ: ಮಾಸ್ಕ್ ಬದಲು ಚಿತ್ರ ಆಯ್ಕೆಯಾಗಿತ್ತು. ಲೇಯರ್ ಪಟ್ಟಿಯಲ್ಲಿ ಮಾಸ್ಕ್‌ನ ಪುಟ್ಟ ಚಿತ್ರ ಕ್ಲಿಕ್ ಮಾಡಿಯೇ ಬ್ರಷ್ ಹಿಡಿಯಿರಿ. ಈಗಲೇ Ctrl+Z ಒತ್ತಿ ಪಟ್ಟೆ ತೆಗೆಯಿರಿ, ಅದು ಪಿಕ್ಸೆಲ್ ಮೇಲೇ ಬಿದ್ದಿದೆ.

ನೆರಳುಬೆಳಕು: ತೆಗೆದೆ. ಇನ್ನೊಂದು ವಿಷಯ. ಗೋಡೆಯ ಮೇಲಿನ ತಂತಿಯನ್ನು ಅದೇ ಲೇಯರ್‌ನಲ್ಲಿ ಕ್ಲೋನ್ ಮಾಡಿ ಮುಚ್ಚಿದ್ದೆ. ಅಲ್ಲಿ ಇಟ್ಟಿಗೆಯ ಸಾಲು ಸೊಟ್ಟಗಾಗಿದೆ. ಅದಕ್ಕೂ ಇದೇ ದಾರಿನಾ?

ಹಳೇಕ್ಯಾಮೆರಾ: ಇಲ್ಲ, ಕ್ಲೋನ್ ಬಣ್ಣವನ್ನೇ ಬದಲಿಸುತ್ತೆ. ಮೂಲ ಫೋಟೋವನ್ನು ಹೊಸ ಲೇಯರ್ ಆಗಿ ತಂದು ಆ ಗೋಡೆಯ ಭಾಗವನ್ನಷ್ಟೇ ಮಾಸ್ಕ್‌ನಲ್ಲಿ ತೋರಿಸಿ. ತಂತಿ ಮತ್ತೆ ಕಾಣುತ್ತೆ. ಅದರ ಮೇಲೊಂದು ಖಾಲಿ ಲೇಯರ್ ಹಾಕಿ, ಕ್ಲೋನ್‌ನಲ್ಲಿ Sample merged ಟಿಕ್ ಮಾಡಿ, ಖಾಲಿ ಲೇಯರ್ ಮೇಲೇ ತಂತಿ ಮುಚ್ಚಿ.

ಚಿತ್ರಪ್ರಿಯ: ಇಷ್ಟು ಲೇಯರ್ ಆದರೆ ಫೈಲ್ ಭಾರವಾಗಲ್ವಾ?

ಹಳೇಕ್ಯಾಮೆರಾ: ಆಗುತ್ತೆ. ಹಾಗಂತ ಮುಗಿಯೋವರೆಗೂ ನಾನು Flatten ಮಾಡಲ್ಲ.

ನೆರಳುಬೆಳಕು: ಮೂಲ ಫೋಟೋ ಹಳೆ ಮೆಮೊರಿ ಕಾರ್ಡ್‌ನಲ್ಲಿರಬೇಕು. ಹುಡುಕಿ ಹೇಳ್ತೀನಿ.