‘ಹ್ಯಾಪಿ ಬರ್ತ್‌ಡೇ ಕಣಪ್ಪಾ’ ಒಪ್ಪುತ್ತದೆ, ‘ಎಂಜಾಯಿಸು’ ಏಕೆ ಒಪ್ಪುವುದಿಲ್ಲ?

ಮಾನ್ಯರೇ,

ನಾನು ತುಮಕೂರಿನಿಂದ ಬೆಂಗಳೂರಿಗೆ ಪಾಸು ಮಾಡಿಸಿಕೊಂಡು ದಿನವೂ ರೈಲಿನಲ್ಲಿ ಹೋಗಿಬರುವವನು. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು ನನ್ನ ಕೆಲಸ. ನಮ್ಮ ಬೋಗಿಯಲ್ಲಿ ನಾಲ್ಕೈದು ಮಂದಿ ಹುಡುಗ ಹುಡುಗಿಯರು ಜೊತೆಯಾಗಿದ್ದಾರೆ; ನನಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವರಾದರೂ ಸಲಿಗೆಯಿಂದ ಮಾತನಾಡುತ್ತಾರೆ. ಕಳೆದ ವಾರ ಅವರಲ್ಲೊಬ್ಬನಿಗೆ ಇಪ್ಪತ್ತನಾಲ್ಕು ತುಂಬಿತು. ಅವರ ವಾಟ್ಸಾಪ್ ಗುಂಪಿನಲ್ಲಿ ಅವರದೇ ರೀತಿಯಲ್ಲಿ ಹಾರೈಸೋಣವೆಂದು ನಾನು ಹೀಗೆ ಬರೆದೆ:

“ಹ್ಯಾಪಿ ಬರ್ತ್‌ಡೇ ಕಣಪ್ಪಾ. ಇವತ್ತಿನ ಡೇಯನ್ನು ಫುಲ್ ಎಂಜಾಯಿಸು. ನಿನ್ನ ಆಲ್ ಡ್ರೀಮ್ಸ್ ನನಸಾಗಲಿ. ಆನ್ ಸಂಡೇ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಟ್ರೀಟ್ ಕೊಡಿಸೋದು ಮರೀಬೇಡ.”

ಮರುದಿನ ಬೋಗಿಗೆ ಹತ್ತುತ್ತಿದ್ದಂತೆಯೇ ನಗೆ ಕೇಳಿಸಿತು. “ಅಂಕಲ್, ಅದು ನೀವೇ ಬರೆದದ್ದಾ, ಎಲ್ಲಿಂದಲೋ ಬಂದ ಫಾರ್ವರ್ಡಾ?” ಎಂದು ಗುಂಪಿನ ಹುಡುಗಿ ಕೇಳಿದಳು. ಮೊದಲನೆಯ ವಾಕ್ಯ ಚೆನ್ನಾಗಿದೆ, ಕೊನೆಯದರಲ್ಲಿ ‘ಟ್ರೀಟ್ ಕೊಡಿಸೋದು’ ಚೆನ್ನಾಗಿದೆ, ಉಳಿದದ್ದನ್ನು ಯಾರೂ ಹಾಗೆ ಆಡುವುದಿಲ್ಲ ಎಂಬುದು ಅವರೆಲ್ಲರ ತೀರ್ಪು. ಏಕೆ ಎಂದು ಕೇಳಿದರೆ ಒಬ್ಬರಿಗೂ ಹೇಳಲಾಗಲಿಲ್ಲ. ಅವರ ಕಿವಿಗೆ ಗೊತ್ತಿರುವ ನಿಯಮ ಯಾವುದೆಂದು ಬಲ್ಲವರು ತಿಳಿಸಬೇಕು. ಬೆರೆಸುವುದೇ ತಪ್ಪೆಂಬ ಉಪದೇಶವನ್ನು ನಾನು ಕೇಳುತ್ತಿಲ್ಲ. ಅದನ್ನು ನನ್ನ ಮನೆಯಲ್ಲೇ ಸಾಕಷ್ಟು ಕೇಳಿದ್ದೇನೆ.

ಗೌರಿಬಿದನೂರಿನಿಂದ

ಇದರಲ್ಲಿ ಕಷ್ಟವೇನೂ ಇಲ್ಲ. ಇಂಗ್ಲಿಷಿನಿಂದ ನಾಮಪದವನ್ನು ಮಾತ್ರ ತರಬಹುದು, ಬೇರೆ ಯಾವುದನ್ನೂ ತರಬಾರದು. ಟ್ರೀಟ್, ಕೇಕು, ಪಾರ್ಟಿ, ಬರ್ತ್‌ಡೇ ಎಲ್ಲವೂ ನಾಮಪದಗಳಾದ್ದರಿಂದ ಒಪ್ಪುತ್ತವೆ. ‘ಎಂಜಾಯ್’ ಕ್ರಿಯಾಪದ, ‘ಆಲ್’ ವಿಶೇಷಣ, ‘ಆನ್’ ಅವ್ಯಯ. ಆದ್ದರಿಂದ ಅವು ಕೆಡುತ್ತವೆ. ಮೊಬೈಲು ಬರುವ ಮುನ್ನ ಈ ಬೆರಕೆ ನಮ್ಮಲ್ಲಿ ಇರಲೇ ಇಲ್ಲ ಎಂಬುದನ್ನೂ ಮರೆಯಬಾರದು.

ಮುಳಬಾಗಿಲಿನಿಂದ

ತಾವು ಅಚ್ಚಗನ್ನಡದ ಹಾರೈಕೆಯನ್ನು ಕೇಳಿದ್ದೀರಿ ಎಂದುಕೊಂಡು ಹೇಳುತ್ತಿದ್ದೇನೆ. ‘ಹುಟ್ಟುಹಬ್ಬದ ಹಾರೈಕೆಗಳು’ ಎಂದರೆ ಸಾಕು. ‘ವರ್ಧಂತಿ’ ಎಂಬ ಮಾತು ಮೈಸೂರಿನ ಅರಸರಿಗೂ ಚಾಮುಂಡಿಬೆಟ್ಟದ ದೇವಿಗೂ ಒಪ್ಪುತ್ತದೆಯೇ ಹೊರತು ರೈಲಿನ ಹುಡುಗನಿಗಲ್ಲ.

ತಾವು ತಾಯ್ನುಡಿ ಎಂದರೆ ಕನ್ನಡವೆಂದೇ ಎಣಿಸಿದಂತಿದೆ, ಆದ್ದರಿಂದ ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯ ಮಾತು ತೆಲುಗು, ಶಾಲೆಯಲ್ಲಿ ಓದಿದ್ದು ಕನ್ನಡ. ತಮ್ಮನಿಗೆ ‘ಹ್ಯಾಪಿ ಬರ್ತ್‌ಡೇ ರಾ’ ಎಂದು ಬರೆಯುತ್ತೇನೆ, ಜೊತೆಯಲ್ಲಿ ಓದಿದವನಿಗೆ ‘ಹ್ಯಾಪಿ ಬರ್ತ್‌ಡೇ ಕಣೋ’ ಎಂದು ಬರೆಯುತ್ತೇನೆ. ಕೆ.ಜಿ.ಎಫ್.ನಲ್ಲಿ ತಮಿಳು ಮನೆಮಾತಿನ ಗೆಳೆಯನೊಬ್ಬ ನನಗೆ ‘ಹ್ಯಾಪಿ ಬರ್ತ್‌ಡೇ ಡಾ’ ಎಂದು ಕಳುಹಿಸುತ್ತಾನೆ. ಇಂಗ್ಲಿಷು ಮೂವರಿಗೂ ಒಂದೇ. ಅದು ಯಾರ ಮಾತೆಂದು ತಿಳಿಯುವುದು ಕೊನೆಯ ಆ ಒಂದು ಪುಟ್ಟ ಪದದಿಂದ. ಇದು ತಮ್ಮ ಪ್ರಶ್ನೆಗೆ ಉತ್ತರವೋ ಅಲ್ಲವೋ ಕಾಣೆ.

ತಿಪಟೂರಿನಿಂದ

ಮುಳಬಾಗಿಲಿನವರು ಪ್ರಶ್ನೆಯನ್ನು ತಪ್ಪಾಗಿ ಓದಿಕೊಂಡು ಉತ್ತರದ ಹತ್ತಿರಕ್ಕೆ ಬಂದಿದ್ದಾರೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೂ ಇದು ಇಷ್ಟು ಸಲೀಸಾಗಿ ಹೊಳೆದಿರಲಿಲ್ಲ. ಬೆರಕೆಯ ವಾಕ್ಯದಲ್ಲಿ ಮೊದಲ ಗಟ್ಟಿಭಾಗ ಇಂಗ್ಲಿಷಾಗಿರಬಹುದು, ಆದರೆ ಬಾಲ ಕನ್ನಡದ್ದಾಗಿರಬೇಕು. ಪ್ರತ್ಯಯ, ಕ್ರಿಯಾಪದದ ಕೊನೆ, ‘ಕಣೋ’, ‘ಅಂತೆ’, ‘ಅಲ್ವಾ’ ಇವೆಲ್ಲ ಬಾಲದ ಕಡೆಯವು. ಕನ್ನಡದಲ್ಲಿ ಸಂಬಂಧಗಳನ್ನು ಹೇಳುವ ಭಾಗವೆಲ್ಲ ಪದದ ಕೊನೆಗೇ ಬರುತ್ತದೆ. ಇಂಗ್ಲಿಷಿನ ‘ಆನ್’ ಪದಕ್ಕಿಂತ ಮೊದಲೇ ನಿಂತು ಅದೇ ಕೆಲಸವನ್ನು ಮಾಡುತ್ತದೆ. ‘ಆನ್ ಸಂಡೇ ಕ್ಯಾತ್ಸಂದ್ರದಲ್ಲಿ’ ಎಂದಾಗ ಒಂದು ಸಂಬಂಧ ಪದದ ಮೊದಲಿಗೂ ಇನ್ನೊಂದು ಪದದ ಕೊನೆಗೂ ಬಂದು ಕಿವಿ ಎಡವುತ್ತದೆ. ಹುಡುಗರು ‘ಸಂಡೇ ಕ್ಯಾತ್ಸಂದ್ರದಲ್ಲಿ’ ಎಂದಷ್ಟೇ ಹೇಳುತ್ತಾರೆ, ಏಕೆಂದರೆ ‘ಭಾನುವಾರ ಬಾ’ ಎನ್ನುವಲ್ಲಿ ನಾವು ಯಾವ ಪ್ರತ್ಯಯವನ್ನೂ ಹಚ್ಚುವುದಿಲ್ಲ.

ಗೌರಿಬಿದನೂರಿನ ಮಹನೀಯರ ಮಾತು ಅರ್ಧ ಸರಿ. ನಾಮಪದಗಳು ಸುಲಭವಾಗಿ ಬರುತ್ತವೆಂಬುದು ನಿಜ, ಆದರೆ ಅವಷ್ಟೇ ಬರುತ್ತವೆಂಬುದು ನಿಜವಲ್ಲ. ‘ಎಂಜಾಯ್ ಮಾಡು’ ಎಂಬುದರಲ್ಲಿ ಯಾರಿಗೂ ಮುಜುಗರವಿಲ್ಲ. ಇಂಗ್ಲಿಷಿನ ಕ್ರಿಯಾಪದ ಕನ್ನಡಕ್ಕೆ ಬರುವಾಗ ಬರಿಯ ಹೆಸರಿನಂತೆ ನಿಲ್ಲುತ್ತದೆ. ಕಾಲ, ಲಿಂಗ, ವಚನಗಳ ಹೊರೆಯನ್ನು ‘ಮಾಡು’ ಅಥವಾ ‘ಆಗು’ ಹೊರುತ್ತದೆ. ಆ ಹೊರೆಯಲ್ಲಿ ಎಷ್ಟು ಅರ್ಥವಿದೆ ಎಂಬುದನ್ನು ‘ಮಿಸ್’ ಎಂಬ ಒಂದೇ ಪದದಲ್ಲಿ ನೋಡಬಹುದು. ‘ನಿನ್ನ ಪಾರ್ಟಿ ಮಿಸ್ ಆಯ್ತು’ ಎಂದರೆ ತಪ್ಪಿಹೋಯಿತು, ನನ್ನ ಕೈಯಲ್ಲಿರಲಿಲ್ಲ ಎಂದರ್ಥ. ‘ನಿನ್ನ ಪಾರ್ಟಿ ಮಿಸ್ ಮಾಡ್ಕೊಂಡೆ’ ಎಂದರೆ ನಾನೇ ಕಳೆದುಕೊಂಡೆ ಎಂಬ ಪೇಚಾಟ ಸೇರಿಕೊಳ್ಳುತ್ತದೆ. ‘ನಿನ್ನನ್ನ ಮಿಸ್ ಮಾಡ್ಕೊತಾ ಇದೀವಿ’ ಎಂದರೆ ಅಗಲಿಕೆಯ ಮಾತಾಗುತ್ತದೆ. ಇಂಗ್ಲಿಷ್ ಪದ ಬದಲಾಗಲೇ ಇಲ್ಲ. ಬೇಸರವನ್ನೂ ಅಕ್ಕರೆಯನ್ನೂ ಹೇಳಿದ್ದು ‘ಆಗು’ ಮತ್ತು ‘ಕೊಳ್ಳು’.

ಇನ್ನು ‘ಎಂಜಾಯಿಸು’. ‘ಇಸು’ ಹಚ್ಚಿ ಹೊರಗಿನ ಪದವನ್ನು ಕ್ರಿಯಾಪದವಾಗಿಸುವುದು ಕನ್ನಡಕ್ಕೆ ಹೊಸದಲ್ಲ. ಸಂಸ್ಕೃತದಿಂದ ಪ್ರೀತಿಸು, ಚಿಂತಿಸು ಬಂದಿವೆ, ಹಿಂದುಸ್ತಾನಿಯಿಂದ ಬದಲಾಯಿಸು, ಜಮಾಯಿಸು ಬಂದಿವೆ. ಹಾಗಾಗಿ ತಾವು ಮಾಡಿದ್ದು ವ್ಯಾಕರಣದ ತಪ್ಪೇನಲ್ಲ. ಆದರೆ ಇಂಗ್ಲಿಷಿನ ಕ್ರಿಯಾಪದಗಳ ಮಟ್ಟಿಗೆ ಆಡುಮಾತು ‘ಮಾಡು’ವಿನ ದಾರಿಯನ್ನು ಹಿಡಿದುಬಿಟ್ಟಿದೆ, ‘ಇಸು’ ಹಚ್ಚಿದರೆ ಬೇಕೆಂದೇ ತಮಾಷೆ ಮಾಡಿದಂತೆ ಕೇಳಿಸುತ್ತದೆ. ‘ಗೂಗಲಿಸಿ ನೋಡಿ’ ಎಂದು ಬರೆಯುವವರು ತುಟಿಯಂಚಿನಲ್ಲಿ ನಗುತ್ತಲೇ ಬರೆಯುತ್ತಾರೆ. ತಾವು ನಗದೆ ಬರೆದಿರಿ, ಆದ್ದರಿಂದ ಅವರು ನಕ್ಕರು.

ಬೆರಕೆ ಮೊಬೈಲಿನೊಂದಿಗೆ ಬಂತೆಂಬುದನ್ನು ನಾನು ಒಪ್ಪಲಾರೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳಲ್ಲಿ ಬೆಂಗಳೂರಿನ ಓದಿದ ಮನೆಗಳವರು ಇಂಗ್ಲಿಷನ್ನು ಬೆರೆಸಿಯೇ ಮಾತನಾಡುತ್ತಾರೆ.

ಗೌರಿಬಿದನೂರಿನಿಂದ, ಮತ್ತೆ

ಮೇಡಂ, ಕೈಲಾಸಂ ಅವರ ಮಾತನ್ನು ಒಪ್ಪಿದೆ. ಅಂದು ಓದಿದವರ ಮನೆಯಲ್ಲಿದ್ದದ್ದು ಇಂದು ಎಲ್ಲರ ಜೇಬಿಗೆ ಬಂದಿದೆ ಎಂದು ತಿದ್ದಿಕೊಳ್ಳುತ್ತೇನೆ. ಆದರೆ ಬಾಲ ಕನ್ನಡದ್ದಾದರೆ ಸಾಕು ಎನ್ನುವುದಾದರೆ ‘ಡ್ರೀಮ್ಸ್ ನನಸಾಗಲಿ’ ಏಕೆ ಸರಿಹೋಗಲಿಲ್ಲ? ಅದರ ಬಾಲ ಅಪ್ಪಟ ಕನ್ನಡವೇ ಅಲ್ಲವೇ?

ತಿಪಟೂರಿನಿಂದ

ಒಳ್ಳೆಯ ಪ್ರಶ್ನೆ. ನನಸು ಎಂಬ ಪದ ಇಂದು ಕನಸಿನ ಬೆನ್ನಿಗಲ್ಲದೆ ಒಂಟಿಯಾಗಿ ಓಡಾಡುವುದು ಅಪರೂಪ. ಆ ಜೋಡಿಯಲ್ಲಿ ಒಂದನ್ನು ಕಿತ್ತು ಅಲ್ಲಿ ‘ಡ್ರೀಮ್ಸ್’ ಇಟ್ಟರೆ ಪ್ರಾಸವೂ ಹೋಯಿತು, ನಂಟೂ ಹೋಯಿತು. ವಯಸ್ಸನ್ನು ಹೇಳುವಾಗಲೂ ಹೀಗೆಯೇ ಆಗುತ್ತದೆ. ‘ಇಪ್ಪತ್ತನಾಲ್ಕು ತುಂಬಿತು’ ಎನ್ನುತ್ತೇವೆ, ‘ಟ್ವೆಂಟಿಫೋರ್ ಆಯ್ತು’ ಎನ್ನುತ್ತೇವೆ. ‘ಟ್ವೆಂಟಿಫೋರ್ ತುಂಬಿತು’ ಎಂದರೆ ನನ್ನ ಕಿವಿಗೆ ಒಗ್ಗುವುದಿಲ್ಲ. ‘ಹ್ಯಾಪಿ ಬರ್ತ್‌ಡೇ’ಯನ್ನು ಇಡಿಯಾಗಿ ಎತ್ತಿಕೊಳ್ಳಬಹುದು, ‘ಮೆನಿ ಮೋರ್ ಹ್ಯಾಪಿ ರಿಟರ್ನ್ಸ್’ ಎಂಬುದನ್ನೂ ಇಡಿಯಾಗಿ ಎತ್ತಿಕೊಳ್ಳಬಹುದು. ನಡುವೆ ಕತ್ತರಿಸಿ ‘ತುಂಬಾ ಹ್ಯಾಪಿ ರಿಟರ್ನ್ಸ್’ ಎಂದರೆ ಎರಡೂ ಕಡೆಗೆ ಸಲ್ಲದು.

‘ಡೇ’ ಕೂಡ ಅಂಥದ್ದೇ. ಸಂಡೇ, ಬರ್ತ್‌ಡೇಗಳ ಒಳಗೆ ಅದು ನೆಮ್ಮದಿಯಾಗಿದೆ, ಆದರೆ ‘ದಿನ’ ಎಂಬ ಪದ ನಾಲಿಗೆಯ ತುದಿಯಲ್ಲೇ ಇರುವಾಗ ಬಿಡಿಯಾದ ‘ಡೇ’ಯನ್ನು ಕರೆತಂದರೆ ಕಷ್ಟಪಟ್ಟು ಇಂಗ್ಲಿಷು ಸೇರಿಸಿದ್ದು ಎದ್ದು ಕಾಣುತ್ತದೆ. ‘ಆಲ್’ ಇದ್ದ ಕಡೆ ‘ಎಲ್ಲ’ ಇದ್ದಿದ್ದರೂ ಸಾಕಿತ್ತು. ‘ಫುಲ್’ ಮಾತ್ರ ವಿಶೇಷಣವಾಗಿದ್ದರೂ ಒಪ್ಪಿಕೊಂಡಿದೆ, ಏಕೆಂದರೆ ‘ಫುಲ್ ಖುಷಿ’ ಎನ್ನುವಲ್ಲಿ ಅದು ಇಂಗ್ಲಿಷಿನ ಅರ್ಥವನ್ನು ಬಿಟ್ಟು ‘ಬಹಳ’ ಎಂಬ ನಮ್ಮ ಅರ್ಥವನ್ನು ಪಡೆದಿದೆ.

ಕೊರಟಗೆರೆಯಿಂದ

ನನಗೆ ಇಪ್ಪತ್ತೆರಡು ವರ್ಷ. ನಕ್ಕ ಹುಡುಗಿಯ ಪಕ್ಷದಿಂದ ಎರಡು ಮಾತು ಹೇಳಬೇಕೆನಿಸಿತು. ನಾವು ಬರೆಯುವಾಗ ಇಷ್ಟೆಲ್ಲ ಯೋಚಿಸುವುದಿಲ್ಲ, ಆದರೆ ಒಂದನ್ನು ಮಾತ್ರ ಯೋಚಿಸುತ್ತೇವೆ: ಎದುರಿನವರು ‘ನೀನು’ವೋ ‘ನೀವು’ವೋ ಎಂದು. ನನಗಿಂತ ನಾಲ್ಕು ವರ್ಷ ದೊಡ್ಡವರಾದ, ಆಫೀಸಿನಲ್ಲಿ ಜೊತೆಗಿರುವವರಿಗೆ ಹಾರೈಸುವಾಗ ‘ಕಣೇ’ ಎನ್ನಲು ಧೈರ್ಯವಿಲ್ಲ, ‘ತಮಗೆ ಹಾರ್ದಿಕ ಶುಭಾಶಯಗಳು’ ಎಂದರೆ ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸಿನಂತಾಗುತ್ತದೆ. ಆಗ ಬರಿಯ ‘ಹ್ಯಾಪಿ ಬರ್ತ್‌ಡೇ’ ನನ್ನನ್ನು ಕಾಪಾಡುತ್ತದೆ, ಏಕೆಂದರೆ ಅದರಲ್ಲಿ ‘ನೀನು’ ಎಂದೂ ಇಲ್ಲ, ‘ನೀವು’ ಎಂದೂ ಇಲ್ಲ. ಸಲಿಗೆ ಬೆಳೆದ ಮೇಲೆ ಬಾಲ ತಾನಾಗಿಯೇ ಬಂದು ಕೂಡುತ್ತದೆ. ಅಂಕಲ್ ಬರೆದ ‘ಕಣಪ್ಪಾ’ ಅವರ ವಯಸ್ಸಿಗೆ ಸರಿಯಾಗಿದೆ. ಅವರು ‘ಮಗಾ’ ಎಂದೋ ‘ಮಚ್ಚಾ’ ಎಂದೋ ಬರೆದಿದ್ದರೆ ವ್ಯಾಕರಣದಲ್ಲಿ ತಪ್ಪಿಲ್ಲದಿದ್ದರೂ ನಾನಂತೂ ಇನ್ನೂ ಜೋರಾಗಿ ನಗುತ್ತಿದ್ದೆ.

ತುಮಕೂರಿನಿಂದ, ಪ್ರಶ್ನೆ ಕೇಳಿದವನು

ಎಲ್ಲರಿಗೂ ವಂದನೆಗಳು. ನಿಮ್ಮ ಮಾತುಗಳನ್ನು ಎದುರಿಗಿಟ್ಟುಕೊಂಡು, ಪದಕ್ಕೆ ಪದ ನೋಡಿ ತಿದ್ದಿದ ಕರಡು ಹೀಗಾಯಿತು:

“ಹ್ಯಾಪಿ ಬರ್ತ್‌ಡೇ ಕಣಪ್ಪಾ. ಇವತ್ತು ಫುಲ್ ಎಂಜಾಯ್ ಮಾಡು. ನಿನ್ನ ಕನಸೆಲ್ಲ ನನಸಾಗಲಿ. ಸಂಡೇ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಟ್ರೀಟ್ ಕೊಡಿಸೋದು ಮರೀಬೇಡ.”

ಇದನ್ನು ಮರುದಿನ ರೈಲಿನಲ್ಲಿ ತೋರಿಸಿದೆ. ಹುಡುಗಿ ಎರಡು ಸಲ ಓದಿ, ಮೂರನೆಯ ವಾಕ್ಯ ಇನ್ನೂ ಗ್ರೀಟಿಂಗ್ ಕಾರ್ಡಿನಂತಿದೆ, ಅದನ್ನು ತೆಗೆದುಬಿಡಿ ಎಂದಳು. ಪದಗಳೆಲ್ಲ ಕನ್ನಡವಾಗಿರುವ ವಾಕ್ಯ ಅದೊಂದೇ ಆದ್ದರಿಂದ ನನಗೆ ಸ್ವಲ್ಪ ಬೇಸರವಾಯಿತು, ಆದರೆ ತೆಗೆದು ಓದಿದಾಗ ಅವಳ ಮಾತು ಸರಿಯೆನಿಸಿತು. ಆಡುಮಾತಿನ ಬೆರಕೆಯ ನಡುವೆ ಗ್ರಾಂಥಿಕ ಹಾರೈಕೆಯೂ ಹೊರಗಿನ ಪದದಂತೆಯೇ ಎದ್ದು ನಿಲ್ಲುತ್ತದೆ ಎಂಬುದನ್ನು ನಾನು ಎಣಿಸಿರಲಿಲ್ಲ. ಕರಡು ತಿದ್ದುವವನ ಅಭ್ಯಾಸದಿಂದ ಇನ್ನೊಂದನ್ನೂ ಹೇಳುತ್ತೇನೆ: ‘ಬರ್ತ್‌ಡೇ’ಯಲ್ಲಿ ‘ತ್’ ಮತ್ತು ‘ಡೇ’ಗಳ ನಡುವೆ ಕಣ್ಣಿಗೆ ಕಾಣದ ಬಿಡಿಸುವ ಗುರುತನ್ನು ಹಾಕದಿದ್ದರೆ ಡಕಾರ ಒತ್ತಕ್ಷರವಾಗಿ ಕೆಳಗಿಳಿದುಬಿಡುತ್ತದೆ. ಫೋನಿನ ಕೀಲಿಮಣೆಯಲ್ಲಿ ಅದನ್ನು ಹುಡುಕುವ ತಾಳ್ಮೆ ಹುಡುಗರಿಗಿಲ್ಲವಾದ್ದರಿಂದ ಅವರು ರೋಮನ್ ಲಿಪಿಗೆ ಹೋಗುತ್ತಾರೆ.

ಉಳಿದಿರುವ ಸಂದೇಹ ಒಂದೇ. ಮುಂದಿನ ತಿಂಗಳು ಅದೇ ಹುಡುಗಿಯ ಮತ್ತು ಇನ್ನೊಬ್ಬ ಹುಡುಗನ ಹುಟ್ಟುಹಬ್ಬ ಒಂದೇ ದಿನ ಬರುತ್ತದೆ. ಇಬ್ಬರಿಗೂ ಸೇರಿಸಿ ‘ಹ್ಯಾಪಿ ಬರ್ತ್‌ಡೇ ಕಣ್ರಪ್ಪಾ’ ಎಂದು ಬರೆಯಬಹುದೇ? ‘ಬನ್ರಪ್ಪಾ’ ಎಂದು ಕರೆದರೆ ನಮ್ಮ ಕಡೆ ಹೆಂಗಸರೂ ಎದ್ದು ಬರುತ್ತಾರೆ, ಆದರೆ ಇಬ್ಬರಲ್ಲಿ ಒಬ್ಬಳು ಹುಡುಗಿಯೆಂದು ಗೊತ್ತಿದ್ದೂ ‘ಅಪ್ಪಾ’ ಎನ್ನುವುದು ಸರಿಯೋ, ‘ಕಣಮ್ಮಾ, ಕಣಪ್ಪಾ’ ಎಂದು ಬಿಡಿಸಿಯೇ ಬರೆಯಬೇಕೋ, ತಿಪಟೂರಿನ ಮೇಡಂ ಮತ್ತು ಕೊರಟಗೆರೆಯವರು ಇಬ್ಬರೂ ತಿಳಿಸಬೇಕೆಂದು ಕೋರುತ್ತೇನೆ.