ಅಪ್‌ಡೇಟ್: ಜಂಬೋ ಫ್ರೇಮ್ ಆನ್ ಮಾಡಿದ್ಮೇಲೆ ಸ್ಟೋರೇಜ್ ಸ್ಲೋ ಆಗಿದ್ದು

ನಾನು ಕೇಳಿದ್ದು: "ಸರ್ವರ್‌ಲ್ಲೂ ಸ್ಟೋರೇಜ್‌ಲ್ಲೂ ಎಂಟಿಯು 9000 ಮಾಡಿದೀನಿ, iSCSI ಲಾಗಿನ್ ಆಗುತ್ತೆ, ಆದ್ರೆ ದೊಡ್ಡ ಫೈಲ್ ಕಾಪಿ ಮಾಡಿದ್ರೆ ಟೈಮ್‌ಔಟ್, ಯಾಕೆ?"

ಸಿಕ್ತು! ಇರೋ ಎರಡು ಪಾತ್‌ನಲ್ಲಿ ಒಂದರ ಮಧ್ಯದ ಸ್ವಿಚ್ ಇನ್ನೂ 1500ರಲ್ಲೇ ಇತ್ತು. ಎರಡೂ ಪಾತ್‌ನ ಸ್ಟೋರೇಜ್ ಐಪಿಗೆ ಇದನ್ನ ಹಾಕಿ ನೋಡ್ದೆ:

```
ping -M do -s 8972 10.0.20.10
```

(9000ರಲ್ಲಿ ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಕಳೆದ್ರೆ 8972.) ಒಂದು ಪಾತ್‌ನಲ್ಲಿ ರಿಪ್ಲೈ ಬಂತು, ಇನ್ನೊಂದರಲ್ಲಿ ಏನೂ ಇಲ್ಲ, ಆದ್ರೆ ಅದೇ ಪಾತ್‌ನಲ್ಲಿ 1472 ಸೈಜ್ ಆರಾಮಾಗಿ ಹೋಗ್ತಿತ್ತು. ನಮ್ಮ ಸರ್ವರ್ ಕಾರ್ಡೇ 1500 ಇದ್ದಿದ್ರೆ `message too long` ಅಂತ ತಕ್ಷಣ ಹೇಳ್ತಿತ್ತು, ಇಲ್ಲಿ ಬರೀ ಮೌನ, ಅಂದ್ರೆ ಆಚೆ ಎಲ್ಲೋ ಡ್ರಾಪ್ ಆಗ್ತಿದೆ ಅಂತ ಆಯ್ತು. ಸ್ವಿಚ್ ಪೋರ್ಟ್ ನೋಡಿದ್ರೆ `giants` ಕೌಂಟರ್ ಏರ್ತಾನೇ ಇತ್ತು.

ಎರಡು ತುದಿನೂ 9000 ಅಂತ ಇದ್ದಿದ್ರಿಂದ ಟಿಸಿಪಿ ದೊಡ್ಡ ಸೆಗ್ಮೆಂಟ್‌ಗೇ ಒಪ್ಕೊಂಡಿತ್ತು, ಮಧ್ಯದ ಲೇಯರ್ 2 ಸ್ವಿಚ್ ಡ್ರಾಪ್ ಮಾಡಿದ್ದನ್ನ ಯಾರಿಗೂ ಹೇಳಲ್ಲ, ಲಾಗಿನ್ ಪ್ಯಾಕೆಟ್ ಚಿಕ್ಕದು ಅಂತ ಅದು ಮಾತ್ರ ದಾಟ್ತಿತ್ತು. ಸ್ವಿಚ್‌ಲ್ಲಿ 9216 ಮಾಡಿದ್ಮೇಲೆ ಎರಡೂ ಪಾತ್ ಪಿಂಗ್ ಆಗ್ತಿವೆ, ಟೈಮ್‌ಔಟ್ ಪೂರ್ತಿ ನಿಂತಿದೆ.