ಕೈಯಲ್ಲಿ 12 ಲಕ್ಷ ಇದೆ: ಒಂದೇ ಸಲ ಹಾಕೋದಾ, ತಿಂಗಳಿಗೆ 10 ಸಾವಿರದಂತೆ ಹತ್ತು ವರ್ಷವಾ?

ಪ್ರಶ್ನೆ (ಮೆಡಿಕಲ್ ಶಾಪ್ ಮಾಲೀಕ, ತುಮಕೂರು): ಒಂದು ಸೈಟ್ ಮಾರಿದ ದುಡ್ಡಲ್ಲಿ ಎಲ್ಲಾ ಕಳೆದು 12 ಲಕ್ಷ ಉಳಿದಿದೆ. ಹತ್ತು ವರ್ಷ ಬೇಕಾಗಲ್ಲ. ಇಂಡೆಕ್ಸ್ ಫಂಡ್‌ಗೆ ಹಾಕೋಣ ಅಂತ ಇದ್ದೇನೆ. ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ 12% ಹಾಕಿ ನೋಡಿದೆ. ಒಂದೇ ಸಲ ಹಾಕಿದರೆ 37.27 ಲಕ್ಷ ಬರುತ್ತೆ ಅಂತಿದೆ. ತಿಂಗಳಿಗೆ 10 ಸಾವಿರದಂತೆ 120 ತಿಂಗಳು ಎಸ್‌ಐಪಿ ಹಾಕಿದರೆ ಬರೀ 23.23 ಲಕ್ಷ. ಎರಡೂ 12 ಲಕ್ಷವೇ, ಎರಡೂ 12 ಪರ್ಸೆಂಟೇ. ಹಾಗಿದ್ದರೆ ಎಲ್ಲರೂ ಎಸ್‌ಐಪಿ ಎಸ್‌ಐಪಿ ಅಂತ ಯಾಕೆ ಹೇಳ್ತಾರೆ?

ಐಟಿ ಉದ್ಯೋಗಿ, ಬೆಂಗಳೂರು: ಸರ್, ಕ್ಯಾಲ್ಕುಲೇಟರ್ ನಂಬಬೇಡಿ. ಮಾರುಕಟ್ಟೆ ನೇರವಾಗಿ ಏರಲ್ಲ, ಬೀಳ್ತಾ ಏಳ್ತಾ ಹೋಗುತ್ತೆ. ಬಿದ್ದಾಗ ಅದೇ 10 ಸಾವಿರಕ್ಕೆ ಜಾಸ್ತಿ ಯೂನಿಟ್ ಸಿಗುತ್ತೆ. ಸರಾಸರಿ ಬೆಲೆ ಕಡಿಮೆಯಾಗುತ್ತೆ. ನನ್ನ ಆ್ಯಪ್‌ನಲ್ಲಿ ಎಸ್‌ಐಪಿಗೆ 14% ತೋರಿಸ್ತಿದೆ, ಒಂದೇ ಸಲ ಹಾಕಿದ್ದಕ್ಕೆ 11%. ಎಸ್‌ಐಪಿ ಯಾವಾಗಲೂ ಗೆಲ್ಲುತ್ತೆ.

ಹೂಡಿಕೆ ಸಲಹೆಗಾರರು, ಮೈಸೂರು: ಬೆಂಗಳೂರಿನವರು ಹೇಳಿದ್ದರಲ್ಲಿ ಅರ್ಧ ಸರಿ. ಬಿದ್ದಾಗ ಜಾಸ್ತಿ ಯೂನಿಟ್ ಸಿಗುತ್ತೆ ಅನ್ನೋದು ನಿಜ. ಆದರೆ "ಯಾವಾಗಲೂ" ಅನ್ನೋ ಮಾತು ನಿಲ್ಲಲ್ಲ. ಇನ್ನು ಆ 14% ಲೆಕ್ಕ ಹಾಕಿದ್ದು ಪ್ರತಿ ಕಂತು ಫಂಡ್‌ನಲ್ಲಿ ಎಷ್ಟು ದಿನ ಇತ್ತೋ ಅಷ್ಟು ದಿನಕ್ಕೆ ಮಾತ್ರ. ಇನ್ನೂ ಫಂಡ್ ಸೇರದೆ ಹೊರಗೆ ಕಾಯ್ತಾ ಕೂತಿದ್ದ ದುಡ್ಡಿನ ಲೆಕ್ಕ ಅದರಲ್ಲಿ ಇಲ್ಲ. ಪರ್ಸೆಂಟ್ ಜಾಸ್ತಿ ಇದ್ದ ಮಾತ್ರಕ್ಕೆ ಕೈಗೆ ಬರೋ ರೂಪಾಯಿ ಜಾಸ್ತಿ ಆಗಲ್ಲ.

ತುಮಕೂರಿನ ಸರ್, ಮೊದಲು ಒಂದು ಸಣ್ಣ ತಿದ್ದುಪಡಿ. ಆ ಕ್ಯಾಲ್ಕುಲೇಟರ್‌ಗಳು ಎಸ್‌ಐಪಿಗೆ ತಿಂಗಳಿಗೆ 1% ಅಂತ ಹಿಡೀತವೆ. ತಿಂಗಳಿಗೆ 1% ಬೆಳೆದರೆ ವರ್ಷಕ್ಕೆ 12.68% ಆಗುತ್ತೆ. ಎರಡಕ್ಕೂ ಸರಿಯಾಗಿ ವರ್ಷಕ್ಕೆ 12% ಹಿಡಿದರೆ ಎಸ್‌ಐಪಿ ಮೊತ್ತ 22.40 ಲಕ್ಷ. ಅಂದರೆ ಅಂತರ ಇನ್ನೂ ಸ್ವಲ್ಪ ಜಾಸ್ತಿಯೇ.

ಅಂತರ ಬರೋದು ಕಾಲದಿಂದ. ನಿಮ್ಮ ಮೊದಲ ಕಂತಿನ 10 ಸಾವಿರ ಹತ್ತು ವರ್ಷ ದುಡಿದು 31 ಸಾವಿರ ಆಗುತ್ತೆ. ಕೊನೆಯ ಕಂತು ಒಂದೇ ತಿಂಗಳು ದುಡಿದು 10,095 ರೂಪಾಯಿ ಆಗುತ್ತೆ. ಎಲ್ಲ ಕಂತು ಸೇರಿಸಿ ನೋಡಿದರೆ ನಿಮ್ಮ ದುಡ್ಡು ಸರಾಸರಿ ಐದು ವರ್ಷ ಮಾತ್ರ ಫಂಡ್‌ನಲ್ಲಿ ಇರುತ್ತೆ.

ಮಿಕ್ಕ ದುಡ್ಡು ಅಷ್ಟು ದಿನ ಎಲ್ಲಿರುತ್ತೆ? ಅದನ್ನು ಕ್ಯಾಲ್ಕುಲೇಟರ್ ಕೇಳಲ್ಲ. ಬೀರುವಿನಲ್ಲಂತೂ ಇಡಲ್ಲ, ಅಲ್ವಾ? 6% ಬಡ್ಡಿ ಬರೋ ಕಡೆ 12 ಲಕ್ಷ ಇಟ್ಟು, ಅಲ್ಲಿಂದಲೇ ತಿಂಗಳಿಗೆ 10 ಸಾವಿರ ತೆಗೆದು ಫಂಡ್‌ಗೆ ಹಾಕ್ತಾ ಬಂದರೆ, ಹತ್ತು ವರ್ಷದ ಕೊನೆಗೆ ಅಲ್ಲೇ ಇನ್ನೂ 5.16 ಲಕ್ಷ ಉಳಿದಿರುತ್ತೆ. ತೆರಿಗೆ ಬಿಟ್ಟು ಹೇಳ್ತಿದ್ದೇನೆ. ಒಟ್ಟು 27.56 ಲಕ್ಷ. ಸರಿಯಾದ ಹೋಲಿಕೆ 37.27ಕ್ಕೂ 27.56ಕ್ಕೂ.

ಅಡಿಕೆ ಬೆಳೆಗಾರ, ಶಿರಸಿ: ನಮಗೆ ತಿಂಗಳ ಸಂಬಳ ಎಲ್ಲಿದೆ ಮಾರಾಯ್ರೇ? ಅಡಿಕೆ ಮಾರಿದಾಗ ಒಮ್ಮೆ ದುಡ್ಡು ಬರ್ತದೆ. ನಾನು ವರ್ಷಕ್ಕೊಮ್ಮೆ ಒಂದೂಕಾಲು ಲಕ್ಷ ಹಾಕ್ತೇನೆ. ಹಾಗಾದರೆ ನಾನು ತಪ್ಪು ಮಾಡ್ತಿದ್ದೇನಾ? ತಿಂಗಳಿಗೆ ಹಂಚಬೇಕಿತ್ತಾ?

ಹೂಡಿಕೆ ಸಲಹೆಗಾರರು, ಮೈಸೂರು: ನಿಮ್ಮದು ಬೇರೆ ಪ್ರಶ್ನೆ. ದುಡ್ಡು ಬಂದಾಗ ಹಾಕ್ತಿದ್ದೀರಿ, ಅದು ಸರಿಯಾಗೇ ಇದೆ. ತಿಂಗಳ ಸಂಬಳದವರು ತಿಂಗಳಿಗೆ ಹಾಕೋದೂ ಅದೇ ಕಾರಣಕ್ಕೆ. ಅವರ ಮುಂದಿನ ವರ್ಷದ ಸಂಬಳ ಇನ್ನೂ ಬಂದೇ ಇಲ್ಲ, ಒಂದೇ ಸಲ ಹಾಕೋ ಆಯ್ಕೆಯೇ ಇಲ್ಲ. ಪೂರ್ತಿ ಹಣ ಇವತ್ತೇ ಕೈಯಲ್ಲಿ ಇದ್ದವರಿಗೆ ಮಾತ್ರ ಈ ಪ್ರಶ್ನೆ.

ನಿವೃತ್ತ ಶಿಕ್ಷಕಿ, ಹಾಸನ: ನಾನು 2008ರ ಜನವರಿಯಲ್ಲಿ ಪಿಎಫ್ ದುಡ್ಡಲ್ಲಿ ಮೂರು ಲಕ್ಷ ಒಂದೇ ಸಲ ಹಾಕಿದ್ದೆ. ಬ್ಯಾಂಕಿನಲ್ಲಿದ್ದ ಹುಡುಗ ಹಾಕಿಸಿದ್ದು. ಅಕ್ಟೋಬರ್ ಹೊತ್ತಿಗೆ ಅರ್ಧವೂ ಉಳಿದಿರಲಿಲ್ಲ. ಹೆದರಿ ತೆಗೆದುಬಿಟ್ಟೆ. ಇವರ 12% ಲೆಕ್ಕದಲ್ಲಿ ನನ್ನ ಆ ಅಕ್ಟೋಬರ್ ಎಲ್ಲಿದೆ?

ಹೂಡಿಕೆ ಸಲಹೆಗಾರರು, ಮೈಸೂರು: ಮೇಡಂ, ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ಹಾಗಾಗಿ ನಿಮ್ಮ ಕಾಲವನ್ನೇ ತಗೊಂಡು, ಸೆನ್ಸೆಕ್ಸ್‌ನ ತಿಂಗಳ ಕೊನೆಯ ಅಂಕಿ ಹಿಡಿದು, ಕೂತು ಲೆಕ್ಕ ಹಾಕಿದೆ. ಡಿವಿಡೆಂಡ್, ಖರ್ಚು, ತೆರಿಗೆ ಯಾವುದನ್ನೂ ಸೇರಿಸಿಲ್ಲ.

2007ರ ಡಿಸೆಂಬರ್ ಕೊನೆಗೆ ಸೆನ್ಸೆಕ್ಸ್ 20,287. ಹೆಚ್ಚು ಕಮ್ಮಿ ಶಿಖರದ ತುದಿ. ಅವತ್ತು 12 ಲಕ್ಷ ಒಂದೇ ಸಲ ಹಾಕಿ, ಏನೇ ಆದರೂ ತೆಗೆಯದೆ ಕೂತಿದ್ದರೆ, 2017ರ ಡಿಸೆಂಬರ್‌ಗೆ, ಸೆನ್ಸೆಕ್ಸ್ 34,057 ಇದ್ದಾಗ, ಸುಮಾರು 20 ಲಕ್ಷ. ಅದೇ ಹತ್ತು ವರ್ಷ ತಿಂಗಳಿಗೆ 10 ಸಾವಿರ ಹಾಕಿದ್ದರೆ ಸುಮಾರು 21 ಲಕ್ಷ. ಅಷ್ಟು ಕೆಟ್ಟ ಗಳಿಗೆಯಲ್ಲೂ ಅಂತರ ಒಂದು ಲಕ್ಷ, ಅಷ್ಟೇ. ಕಾಯ್ತಾ ಕೂತ ದುಡ್ಡಿನ ಬಡ್ಡಿ ಸೇರಿಸಿದರೆ ಎಸ್‌ಐಪಿ ಇನ್ನೊಂದಿಷ್ಟು ಮುಂದೆ ಹೋಗುತ್ತೆ.

ಈಗ ಎದುರಿನ ತುದಿ ನೋಡಿ. 2009ರ ಮಾರ್ಚ್ ಕೊನೆಗೆ ಸೆನ್ಸೆಕ್ಸ್ 9,709. ಅವತ್ತು ಒಂದೇ ಸಲ 12 ಲಕ್ಷ ಹಾಕಿದವರಿಗೆ 2019ರ ಮಾರ್ಚ್‌ನಲ್ಲಿ ಸುಮಾರು 48 ಲಕ್ಷ. ಆ ತಿಂಗಳಿಂದ ಎಸ್‌ಐಪಿ ಶುರು ಮಾಡಿದವರಿಗೆ? ಮತ್ತೆ 21 ಲಕ್ಷ!

ಈ 21 ನೋಡಿ ನಾನೇ ಇನ್ನೊಂದು ಸಲ ಲೆಕ್ಕ ಹಾಕಿದೆ. ಶಿಖರದಲ್ಲಿ ಶುರು ಮಾಡಿದರೂ 21, ಹಳ್ಳದಲ್ಲಿ ಶುರು ಮಾಡಿದರೂ 21. ಒಂದೇ ಸಲ ಹಾಕಿದ್ದು ಮಾತ್ರ 20ರಿಂದ 48ರ ತನಕ ಜೀಕಿದೆ. ಎಸ್‌ಐಪಿ ಮಾಡೋ ಕೆಲಸ ಇದೇ. ಶುರು ಮಾಡಿದ ದಿನದ ಅದೃಷ್ಟವನ್ನು ಒರೆಸಿ ಹಾಕುತ್ತೆ. ಕೆಟ್ಟದ್ದನ್ನೂ ಒರೆಸುತ್ತೆ, ಒಳ್ಳೆಯದನ್ನೂ ಒರೆಸುತ್ತೆ.

ಐಟಿ ಉದ್ಯೋಗಿ, ಬೆಂಗಳೂರು: ಸರಿ, "ಯಾವಾಗಲೂ" ಅನ್ನೋದನ್ನ ವಾಪಸ್ ತಗೊಂಡೆ. ಆದರೂ ಎಸ್‌ಐಪಿಯಲ್ಲಿ ಮಾರುಕಟ್ಟೆ ಬಿದ್ದರೆ ತೊಂದರೆ ಇಲ್ಲ ಅನ್ನೋದಂತೂ ನಿಜ ಅಲ್ವಾ? ಬಿದ್ದಾಗ ನಾವು ಖುಷಿ ಪಡಬೇಕು.

ಹೂಡಿಕೆ ಸಲಹೆಗಾರರು, ಮೈಸೂರು: ಎರಡನೇ ವರ್ಷ ಬಿದ್ದರೆ ಖುಷಿ ಪಡಿ. ಒಂಬತ್ತನೇ ವರ್ಷ ಬಿದ್ದರೆ ಬೇಡ. 2020ರ ಜನವರಿಯಲ್ಲಿ ಸೆನ್ಸೆಕ್ಸ್ 41 ಸಾವಿರದ ಮೇಲಿತ್ತು. ಮಾರ್ಚ್ 23ಕ್ಕೆ 25,981. ಆ ಜನವರಿಗೆ ನಿಮ್ಮ ಎಸ್‌ಐಪಿಯಲ್ಲಿ 20 ಲಕ್ಷ ಸೇರಿತ್ತು ಅಂದುಕೊಳ್ಳಿ. ಅದರಲ್ಲಿ ಎರಡೇ ತಿಂಗಳಲ್ಲಿ ಏಳು ಲಕ್ಷ ಹೋಯ್ತು. ಆ ತಿಂಗಳ 10 ಸಾವಿರಕ್ಕೆ ಅಗ್ಗದ ಯೂನಿಟ್ ಸಿಕ್ಕಿತು, ಸರಿ. ಆದರೆ ಅದು 20 ಲಕ್ಷದ ಅರ್ಧ ಪರ್ಸೆಂಟ್. ಕಡಲೆಕಾಯಿ ಮೂಟೆಗೆ ನೀರು ನುಗ್ಗಿದಾಗ ಅಂಗಡಿಯಲ್ಲಿ ಒಂದು ಪೊಟ್ಟಣ ಅಗ್ಗಕ್ಕೆ ಸಿಕ್ಕಿತು ಅಂದ ಹಾಗೆ. ಕೊನೇ ಎರಡು ವರ್ಷಕ್ಕೆ ಬಂದಾಗ ಎಸ್‌ಐಪಿ ಹಾಕಿದವರೂ ಒಂದೇ ಸಲ ಹಾಕಿದವರೂ ಒಂದೇ ದೋಣಿಯಲ್ಲಿ ಇರ್ತಾರೆ.

ಕೇಳಿದವರು, ತುಮಕೂರು: ಹಾಗಾದರೆ ಒಂದೇ ಸಲ ಹಾಕಿಬಿಡಲಾ? ಹಾಸನದ ಮೇಡಂ ಕಥೆ ಕೇಳಿದ ಮೇಲೆ ಕೈ ನಡುಗ್ತಿದೆ.

ಹೂಡಿಕೆ ಸಲಹೆಗಾರರು, ಮೈಸೂರು: ಎರಡರ ನಡುವೆ ಇನ್ನೊಂದು ದಾರಿ ಇದೆ. ಕೈಯಲ್ಲಿರೋ ದುಡ್ಡನ್ನು ಹತ್ತು ವರ್ಷ ಎಳೆಯೋದಕ್ಕೆ ನನಗೆ ಒಂದು ಕಾರಣವೂ ಕಾಣಲ್ಲ. ಆದರೆ ಒಂದು ವರ್ಷ ಹರಡಬಹುದು. ಪೂರ್ತಿ ದುಡ್ಡು ಏರಿಳಿತ ತೀರಾ ಕಡಿಮೆ ಇರೋ ಲಿಕ್ವಿಡ್ ಫಂಡ್‌ಗೆ ಹಾಕಿ, ಅಲ್ಲಿಂದ ತಿಂಗಳಿಗೆ ಒಂದು ಲಕ್ಷ ತಾನಾಗೇ ಇಂಡೆಕ್ಸ್ ಫಂಡ್‌ಗೆ ಹೋಗೋ ಹಾಗೆ ಮಾಡಬಹುದು. ಇದಕ್ಕೆ ಎಸ್‌ಟಿಪಿ ಅಂತಾರೆ. ಎರಡು ಫಂಡೂ ಒಂದೇ ಕಂಪನಿಯದ್ದಾಗಿರಬೇಕು, ಮೊದಲೇ ನೋಡಿಕೊಳ್ಳಿ.

ಅದೇ ಹಳೇ ಅಂಕಿಗಳಲ್ಲಿ ಹಾಕಿ ನೋಡಿದೆ. 2008ರ ಹನ್ನೆರಡು ತಿಂಗಳಲ್ಲಿ ಲಕ್ಷ ಲಕ್ಷ ಹಾಕಿದ್ದರೆ 2017ರ ಕೊನೆಗೆ 30.7 ಲಕ್ಷ. 2009ರ ಮಾರ್ಚ್‌ನಿಂದ ಹನ್ನೆರಡು ತಿಂಗಳು ಹಾಕಿದ್ದರೆ 2019ರ ಮಾರ್ಚ್‌ಗೆ 31.5 ಲಕ್ಷ.

ಸಿಎ, ಹುಬ್ಬಳ್ಳಿ: ಸರ್, ನೀವು ಎರಡು ಭಾರೀ ವರ್ಷ ಆರಿಸಿಕೊಂಡೀರಿ. 2008, 2009 ಅಂದರೆ ಹರಡಿದವರಿಗೇ ಅನುಕೂಲ ಕಾಣೂದು. ಸುಮ್ನೆ ಏರ್ಕೊಂತ ಹೋದ ವರ್ಷ ಹಿಡೀರಿ, 2014 ನೋಡ್ರಿ.

ಹೂಡಿಕೆ ಸಲಹೆಗಾರರು, ಮೈಸೂರು: ನ್ಯಾಯವಾದ ಮಾತು. 2014ರ ಜನವರಿ ಕೊನೆಗೆ ಸೆನ್ಸೆಕ್ಸ್ 20,514. ಒಂದೇ ಸಲ ಹಾಕಿದವರಿಗೆ 2024ರ ಜನವರಿಗೆ ಸುಮಾರು 42 ಲಕ್ಷ. ಆ ವರ್ಷದ ಹನ್ನೆರಡು ತಿಂಗಳಿಗೆ ಹರಡಿದವರಿಗೆ ಸುಮಾರು 35 ಲಕ್ಷ. ಬರೀ ಒಂದು ವರ್ಷ ತಡ ಮಾಡಿದ್ದಕ್ಕೆ ಏಳು ಲಕ್ಷ. ಕೆಳಗೆ ಹೋದ ವರ್ಷಕ್ಕಿಂತ ಮೇಲೆ ಹೋದ ವರ್ಷಗಳೇ ಜಾಸ್ತಿ ಇರೋದರಿಂದ, ತುಂಬಾ ಸಲ ಎಣಿಸಿದರೆ ಒಂದೇ ಸಲ ಹಾಕಿದವರೇ ಹೆಚ್ಚು ಸಲ ಗೆದ್ದಿರ್ತಾರೆ.

ಆದರೂ ನಾನು ಎದುರಿಗೆ ಕೂತ ಮನುಷ್ಯನನ್ನು ನೋಡ್ತೇನೆ. ಹಾಸನದ ಮೇಡಂಗೆ ನಷ್ಟ ಆಗಿದ್ದು ಒಂದೇ ಸಲ ಹಾಕಿದ್ದಕ್ಕಲ್ಲ, ಅಕ್ಟೋಬರ್‌ನಲ್ಲಿ ತೆಗೆದಿದ್ದಕ್ಕೆ. 12 ಲಕ್ಷ ಐದೂವರೆ ಲಕ್ಷ ಆದಾಗ ಸುಮ್ಮನೆ ಕೂರಬಲ್ಲೆ ಅನ್ನೋರು ಒಂದೇ ಸಲ ಹಾಕಲಿ. ಕೂರಲಾರೆ ಅನ್ನೋರಿಗೆ ಆ ವರ್ಷ ಹರಡೋದಕ್ಕೆ ಕೊಡೋ ಬೆಲೆ ದುಬಾರಿ ಅನಿಸಲ್ಲ.

ನಿವೃತ್ತ ಶಿಕ್ಷಕಿ, ಹಾಸನ: ನೀವು ಹೇಳೋದು ಸುಲಭ. ಆ ಅಕ್ಟೋಬರ್‌ನಲ್ಲಿ ಮುಂದೆ 34 ಸಾವಿರ ಆಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಸಿಎ, ಹುಬ್ಬಳ್ಳಿ: ಮೇಡಂ ಮಾತೂ ಖರೇನ ಐತಿ. ಜಪಾನಿನ ಶೇರು ಸೂಚ್ಯಂಕ ನಿಕ್ಕೇ 1989ರ ಡಿಸೆಂಬರ್‌ನ್ಯಾಗ ಮುಟ್ಟಿದ ಮಟ್ಟಕ್ಕ ಮತ್ತ ಬಂದಿದ್ದು 2024ರ ಫೆಬ್ರವರಿಗೆ. ಹತ್ತು ವರ್ಷ ಅಂದರ ಎಲ್ಲಾ ಸರಿ ಹೋಗತೈತಿ ಅಂತ ಯಾರೂ ಬರೆದು ಕೊಟ್ಟಿಲ್ಲ.

ತುಮಕೂರಿನವರಿಗೆ ತೆರಿಗೆದ್ದೊಂದು ಮಾತು. ಈಕ್ವಿಟಿ ಫಂಡ್‌ನಲ್ಲಿ ಒಂದು ವರ್ಷ ದಾಟಿದ ಮೇಲೆ ಮಾರಿದರೆ, ಒಂದು ಹಣಕಾಸು ವರ್ಷದ ಲಾಭದಲ್ಲಿ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಈಗ 12.5%. ಎಸ್‌ಐಪಿ ಆದರೆ ಪ್ರತಿ ಕಂತಿಗೂ ಆ ಒಂದು ವರ್ಷ ಬೇರೆ ಬೇರೆ ಎಣಿಸ್ತಾರೆ. ಕಾಯೋ ದುಡ್ಡು ಎಫ್‌ಡಿಯಲ್ಲಿದ್ದರೆ ಅದರ ಬಡ್ಡಿ ಪ್ರತಿ ವರ್ಷ ನಿಮ್ಮ ಆದಾಯಕ್ಕೆ ಸೇರುತ್ತೆ. ಮೇಲೆ ಹೇಳಿದ 5.16 ಲಕ್ಷ ಕೈಗೆ ಬರೋವಾಗ ಇನ್ನೂ ಕಮ್ಮಿ. ಅಂದ ಹಾಗೆ, ಸೈಟ್ ಮಾರಿದ ಲಾಭಕ್ಕೆ ತೆರಿಗೆ ಕಟ್ಟಿದ ಮೇಲೆ 12 ಲಕ್ಷವೋ, ಕಟ್ಟೋಕೆ ಮೊದಲೋ?

ಕೇಳಿದವರು, ತುಮಕೂರು: ಅಯ್ಯೋ, ಕಟ್ಟೋಕೆ ಮೊದಲು ಸರ್. ಬ್ರೋಕರ್ ಕಮಿಷನ್, ಸಾಲ ಎಲ್ಲಾ ಕಳೆದಿದ್ದೆ, ಇದೊಂದು ತಲೆಗೇ ಬಂದಿರಲಿಲ್ಲ. ಪೇಪರ್ ತಗೊಂಡು ಸೋಮವಾರ ನಮ್ಮ ಆಡಿಟರ್ ಹತ್ತಿರ ಹೋಗ್ತೇನೆ. ಉಳಿದದ್ದು ಎಷ್ಟು ಅಂತ ಗೊತ್ತಾದ ಮೇಲೆ ಇಲ್ಲಿಗೇ ಬರ್ತೇನೆ.